ಏಳನೆಯ ಪೀಕ್ ನೋಡದೆ ಜಾಲಕ ಹೇಳಬೇಡಿ

ಪುಡಿ ಸ್ಯಾಂಪಲ್ಲಿನ ಎಕ್ಸ್-ರೇ ಪ್ಯಾಟರ್ನ್ ಹಿಡಿದುಕೊಂಡು ನನ್ನ ಬಳಿ ಬರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಇರುವ ಪೀಕ್‌ಗಳ ಬಗ್ಗೆ ಅಂಥ ಚಿಂತೆ ಇರುವುದಿಲ್ಲ. ಇಲ್ಲದ ಪೀಕ್‌ಗಳ ಬಗ್ಗೆಯೇ ಗೊಂದಲ. ಪ್ರತಿ ಪೀಕಿಗೂ 100, 110 ಎಂಬಂಥ hkl ಸೂಚ್ಯಂಕ, ಅಂದರೆ ಮೂರು ಪೂರ್ಣಾಂಕಗಳ ಹೆಸರು, ಕೊಡುತ್ತೇವೆ. "ಮೇಡಂ, 100 ಬಂದಿಲ್ಲ, ಹಾಗಾದರೆ ಬಾಡಿ ಸೆಂಟರ್ಡ್ ಅಲ್ವಾ?" ಎಂದು ಒಬ್ಬರು ಕೇಳಿದರೆ, "ಮೊದಲ ಪೀಕೇ 100, ಹಾಗಾಗಿ ಸಿಂಪಲ್ ಕ್ಯೂಬಿಕ್" ಎಂದು ಇನ್ನೊಬ್ಬರು ಬರೆದೇ ಬಿಟ್ಟಿರುತ್ತಾರೆ. ಎರಡನೆಯ ಬಗೆಯ ತಪ್ಪು ಎಷ್ಟು ಸಲ ಕಂಡಿದ್ದೇನೆಂದರೆ, ಈಗ ಪ್ರಿಂಟ್ ಕೈಗೆ ಬಂದ ಕೂಡಲೇ ಮೊದಲು ಬಲತುದಿ ನೋಡುತ್ತೇನೆ. ಸ್ಕ್ಯಾನ್ ಎಲ್ಲಿಗೆ ನಿಂತಿದೆ?

ಕಳೆದ ಬಾರಿ ಬಂದ ಹುಡುಗಿಯ ಸ್ಕ್ಯಾನ್ 30 ಡಿಗ್ರಿಯಿಂದ 80 ಡಿಗ್ರಿವರೆಗೆ ಇತ್ತು. ಸ್ಯಾಂಪಲ್ ಟಂಗ್‌ಸ್ಟನ್ ಪುಡಿ, ತಾಮ್ರದ ಟ್ಯೂಬು. 2θ ಅಳತೆಯಲ್ಲಿ 40.26, 58.26, 73.19 ಎಂದು ಮೂರು ಚೂಪಾದ ಪೀಕ್‌ಗಳು. sin²θ ಲೆಕ್ಕ ಹಾಕಿದ್ದಳು: 0.118, 0.237, 0.355. ಅನುಪಾತ 1:2:3. ಹಾಗಾದರೆ ಇವು 100, 110, 111. ಜಾಲಕ ಸರಳ ಘನ, ಕೋಶದ ಅಂಚು 2.238 ಆಂಗ್‌ಸ್ಟ್ರಾಮ್. ಗಣಿತದಲ್ಲಿ ಒಂದು ತಪ್ಪೂ ಇಲ್ಲ. ಪೀಕ್‌ಗಳ ಸ್ಥಾನ ಮೂರನೆಯ ದಶಮಾಂಶದವರೆಗೆ ಹೊಂದುತ್ತಿತ್ತು. ಉತ್ತರ ಮಾತ್ರ ತಪ್ಪು.

ಘನ ಕೋಶದಲ್ಲಿ sin²θ ಏರುವುದು h²+k²+l² ಗೆ ತಕ್ಕ ಅನುಪಾತದಲ್ಲಿ. ಸರಳ ಘನದಲ್ಲಿ, ಅಂದರೆ ಸಿಂಪಲ್ ಕ್ಯೂಬಿಕ್‌ನಲ್ಲಿ, ಈ ಮೊತ್ತ ತೆಗೆದುಕೊಳ್ಳಬಹುದಾದ ಬೆಲೆಗಳು 1, 2, 3, 4, 5, 6, ಆಮೇಲೆ ನೇರ 8. ಮೂರು ಪೂರ್ಣಾಂಕಗಳ ವರ್ಗಗಳನ್ನು ಹೇಗೆ ಕೂಡಿದರೂ 7 ಬರುವುದಿಲ್ಲ. ಕಾಯಕೇಂದ್ರಿತ, ಅಂದರೆ ಬಾಡಿ ಸೆಂಟರ್ಡ್, ಜಾಲಕದಲ್ಲಿ h+k+l ಸಮಸಂಖ್ಯೆಯಾಗಿರುವ ಪೀಕ್‌ಗಳು ಮಾತ್ರ ಉಳಿಯುತ್ತವೆ. ಆಗ ಬರುವ ಬೆಲೆಗಳು 2, 4, 6, 8, 10, 12, 14. ಎರಡರಿಂದ ಭಾಗಿಸಿ ನೋಡಿ: 1, 2, 3, 4, 5, 6, 7. ಮೊದಲ ಆರು ಪೀಕ್‌ಗಳ ಅನುಪಾತದಲ್ಲಿ ಈ ಎರಡು ಜಾಲಕಗಳಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ತೀರ್ಪು ಕೊಡುವುದು ಏಳನೆಯದು. ಮೂರು ಪೀಕ್ ನೋಡಿ ಜಾಲಕ ಹೇಳುವುದೆಂದರೆ ಊಹೆ ಮಾಡಿದಂತೆಯೇ.

ಅದೇ ಪುಡಿಯನ್ನು 140 ಡಿಗ್ರಿವರೆಗೆ ಓಡಿಸಿದೆವು. 87.0, 100.6, 114.9 ರಲ್ಲಿ ಮೂರು ಪೀಕ್ ಬಂದವು. ಆರಾಯಿತು, ಇನ್ನೂ ಏನೂ ಇತ್ಯರ್ಥವಾಗಿರಲಿಲ್ಲ. ಆಮೇಲೆ 131.2 ರಲ್ಲಿ ಒಂದು ಎದ್ದಿತು. ಅದರ sin²θ 0.829, ಮೊದಲನೆಯದರ ಸರಿಯಾಗಿ ಏಳರಷ್ಟು. ಅವಳ 2.238 ರ ಕೋಶದಲ್ಲಿ ಈ ಪೀಕ್‌ಗೆ ಕೊಡಲು ಸೂಚ್ಯಂಕವೇ ಇಲ್ಲ. ಆ ಕೋಶ ನಿಜವಾಗಿದ್ದರೆ 114.9 ಆದ ಮೇಲೆ 153.6 ರವರೆಗೆ ಖಾಲಿ ಇರಬೇಕಿತ್ತು. ಕಾಯಕೇಂದ್ರಿತ ಕೋಶದಲ್ಲಾದರೆ ಇದು 321, ಅಂಚು 3.165 ಆಂಗ್‌ಸ್ಟ್ರಾಮ್. ಒಂದು ಎಚ್ಚರಿಕೆ ಇದೆ. ಇಷ್ಟು ದೊಡ್ಡ ಕೋನದಲ್ಲಿ ತಾಮ್ರದ ಟ್ಯೂಬಿನ ಹತ್ತಿರ ಹತ್ತಿರದ ಎರಡು ತರಂಗಾಂತರಗಳಾದ Kα1 ಮತ್ತು Kα2 ಸುಮಾರು 0.6 ಡಿಗ್ರಿ ಬೇರೆಯಾಗಿ ನಿಲ್ಲುತ್ತವೆ. ಅದನ್ನು ಎರಡು ಪೀಕ್ ಎಂದು ಎಣಿಸಿ ಕಷ್ಟಕ್ಕೆ ಸಿಕ್ಕಿಕೊಂಡವರಿದ್ದಾರೆ. ಎಡಗಡೆಯ, ಎತ್ತರದ ಪೀಕ್ Kα1. ಅದರ ಸ್ಥಾನವನ್ನೇ ತೆಗೆದುಕೊಳ್ಳಿ.

ನಿಮ್ಮ ಯಂತ್ರ ಅಷ್ಟು ದೂರ ಹೋಗದಿದ್ದರೆ ಮಾಲಿಬ್ಡಿನಂ ಟ್ಯೂಬಿನಲ್ಲಿ ಇದೇ 321 ಸುಮಾರು 49.6 ಡಿಗ್ರಿಯಲ್ಲೇ ಸಿಗುತ್ತದೆ. ಅದೂ ಇಲ್ಲವೆಂದರೆ ಸಾಂದ್ರತೆ ಲೆಕ್ಕ ಹಾಕಿ, ಐದು ನಿಮಿಷದ ಕೆಲಸ. 2.238 ರ ಕೋಶದಲ್ಲಿ ಒಂದು ಟಂಗ್‌ಸ್ಟನ್ ಪರಮಾಣು ಇಟ್ಟರೆ ಘನ ಸೆಂಟಿಮೀಟರಿಗೆ 27.2 ಗ್ರಾಂ ಬರುತ್ತದೆ. ಲೋಹದ ನಿಜವಾದ ಸಾಂದ್ರತೆ 19.3. ದೊಡ್ಡ ಕೋಶದಲ್ಲಿ ಎರಡು ಪರಮಾಣು ಇಟ್ಟು ನೋಡಿ, 19.3 ಸರಿಯಾಗಿ ಕೂತುಕೊಳ್ಳುತ್ತದೆ. ಇಂಡೆಕ್ಸಿಂಗ್ ಪ್ರೋಗ್ರಾಂ ಸಾಮಾನ್ಯವಾಗಿ ಚಿಕ್ಕ ಕೋಶವನ್ನೇ ಮೊದಲು ಕೊಡುತ್ತದೆ. ಸಾಂದ್ರತೆ ಕೇಳುವ ಕೆಲಸ ನಿಮ್ಮದು.

ಇಷ್ಟೆಲ್ಲ ಆದ ಮೇಲೆ ಅವಳು ಕೇಳಿದ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. "ಹಾಗಾದರೆ ಮೇಡಂ, 3.165 ರ ಕೋಶಕ್ಕೆ 28.2 ಡಿಗ್ರಿಯಲ್ಲಿ ಬರಬೇಕಾದ 100 ಎಲ್ಲಿ ಹೋಯಿತು?"

ಎಲ್ಲೂ ಹೋಗಿಲ್ಲ. ಇದನ್ನು ನಿಧಾನವಾಗಿಯೇ ಹೇಳಬೇಕು. ಕೋಶದ ಮೂಲೆಗಳಲ್ಲಿರುವ ಪರಮಾಣುಗಳ ಪದರಗಳು ಒಂದರಿಂದೊಂದು 3.165 ಆಂಗ್‌ಸ್ಟ್ರಾಮ್ ದೂರದಲ್ಲಿವೆ. ಅವು ಮಾತ್ರ ಇದ್ದಿದ್ದರೆ 28.2 ರಲ್ಲಿ ಪೀಕ್ ಬರುತ್ತಿತ್ತು. ಆದರೆ ಪ್ರತಿ ಎರಡು ಪದರಗಳ ನಟ್ಟನಡುವೆ ಕೋಶದ ಮಧ್ಯದ ಪರಮಾಣುಗಳ ಇನ್ನೊಂದು ಪದರ ಇದೆ. ಮೇಲಿನ ಪದರದ ಅಲೆಗೂ ಮುಂದಿನ ಮೂಲೆಪದರದ ಅಲೆಗೂ ಒಂದು ಪೂರ್ತಿ ತರಂಗಾಂತರದ ವ್ಯತ್ಯಾಸವಿರುವ ಕೋನದಲ್ಲಿ, ನಡುವಿನ ಪದರದ ಅಲೆ ಅರ್ಧ ತರಂಗಾಂತರ ಹಿಂದಿರುತ್ತದೆ. ಒಂದು ಏರಿದಾಗ ಇನ್ನೊಂದು ಇಳಿದಿರುತ್ತದೆ. ಎರಡೂ ಪದರದಲ್ಲಿ ಅದೇ ಪರಮಾಣು, ಅಷ್ಟೇ ಸಂಖ್ಯೆಯಲ್ಲಿ. ಆದ್ದರಿಂದ ಉಳಿಯುವುದು ಪೂರ್ತಿ ಸೊನ್ನೆ.

ಇನ್ನೂ ಸರಳವಾಗಿ ಹೇಳುತ್ತೇನೆ. ಟಂಗ್‌ಸ್ಟನ್‌ಗೆ ಅಂಚು 2.741 ಆಂಗ್‌ಸ್ಟ್ರಾಮ್, ಕೋನ 109.47 ಡಿಗ್ರಿ ಇರುವ ಓರೆ ಕೋಶವನ್ನೂ ಆರಿಸಬಹುದು. ಅದರಲ್ಲಿ ಒಂದೇ ಪರಮಾಣು ಇರುತ್ತದೆ. ಆ ಕೋಶದಲ್ಲಿ ಸೂಚ್ಯಂಕ ಕೊಡುತ್ತಾ ಹೋದರೆ ಒಂದು ಪೀಕೂ ಕಾಣೆಯಾಗುವುದಿಲ್ಲ, ಎಲ್ಲ ಪೂರ್ಣಾಂಕಗಳಿಗೂ ಜಾಗ ಭರ್ತಿ. ನಾವು ಚೌಕವಾದ ಪೆಟ್ಟಿಗೆ ಬೇಕೆಂದು ಎರಡರಷ್ಟು ಗಾತ್ರದ ಕೋಶ ಆರಿಸಿಕೊಂಡೆವು. ಗಾತ್ರ ಎರಡು ಪಟ್ಟಾದಾಗ ಬರೆಯಬಹುದಾದ ಸೂಚ್ಯಂಕಗಳೂ ಎರಡು ಪಟ್ಟಾದವು, ಅದರಲ್ಲಿ ಅರ್ಧ ಖಾಲಿ ಉಳಿದವು. ಆ ಖಾಲಿ ಜಾಗಗಳನ್ನು ಉಂಟುಮಾಡಿದ್ದು ನಮ್ಮ ಕೋಶದ ಆಯ್ಕೆ, ಸ್ಫಟಿಕವಲ್ಲ. ಅದಕ್ಕೇ ಅವುಗಳಿಗೆ ವ್ಯವಸ್ಥಿತ ಗೈರು ಎನ್ನುತ್ತೇವೆ. ನಿಯಮ ಎಲ್ಲ hkl ಗೂ ಅನ್ವಯಿಸಬೇಕು, ಒಂದು ಪೀಕ್ ಕಾಣದಿದ್ದರೆ ಅದು ನಿಯಮವಾಗುವುದಿಲ್ಲ.

ಇಲ್ಲಿಂದ ಮೊದಲ ಗುಂಪಿನವರ ತಪ್ಪಿಗೆ ಬರೋಣ. ಸೀಸಿಯಂ ಕ್ಲೋರೈಡನ್ನು ಬಾಡಿ ಸೆಂಟರ್ಡ್ ಎಂದು ಹೇಳುವವರು ಈಗಲೂ ಬಹಳ ಮಂದಿ. ಮೂಲೆಗಳಲ್ಲಿ ಕ್ಲೋರಿನ್, ನಡುವೆ ಸೀಸಿಯಂ ಇರುವ ಚಿತ್ರ ಕಣ್ಣಲ್ಲಿ ಉಳಿದಿರುತ್ತದೆ. ಆದರೆ ಕೋಶದ ನಡುವೆ ಪರಮಾಣು ಇದ್ದರೆ ಸಾಲದು, ಮೂಲೆಯಲ್ಲಿರುವುದೇ ನಡುವೆಯೂ ಇರಬೇಕು. ಇಲ್ಲಿ ಹಾಗಿಲ್ಲ, ಆದ್ದರಿಂದ ಜಾಲಕ ಸರಳ ಘನ. ಪ್ಯಾಟರ್ನ್ ಅದನ್ನೇ ಹೇಳುತ್ತದೆ. ಸೀಸಿಯಂ ಅಯಾನಿನಲ್ಲಿ 54 ಎಲೆಕ್ಟ್ರಾನ್, ಕ್ಲೋರೈಡಿನಲ್ಲಿ 18. 100 ರಲ್ಲಿ ಒಂದರಿಂದ ಇನ್ನೊಂದು ಕಳೆದರೂ ಸುಮಾರು 36 ರಷ್ಟು ಉಳಿಯುತ್ತದೆ. 21.5 ಡಿಗ್ರಿಯಲ್ಲಿ ಪೀಕ್ ಎದ್ದು ಕಾಣುತ್ತದೆ.

ಈಗ ಕ್ಲೋರಿನ್ ಬದಲು ಅಯೋಡಿನ್ ಹಾಕಿ. ರಚನೆ ಅದೇ, ಜಾಲಕ ಅದೇ. ಆದರೆ ಅಯೋಡೈಡಿನಲ್ಲೂ 54 ಎಲೆಕ್ಟ್ರಾನ್. 54 ರಲ್ಲಿ 54 ಕಳೆದರೆ ಹೆಚ್ಚು ಕಡಿಮೆ ಏನೂ ಉಳಿಯುವುದಿಲ್ಲ. 19.4 ಡಿಗ್ರಿಯಲ್ಲಿ ಬರಬೇಕಾದ 100 ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣುವುದೇ ಇಲ್ಲ. 27.6, 39.4, 48.8 ರ ಪೀಕ್‌ಗಳು ಟಂಗ್‌ಸ್ಟನ್ನಿನ ಹಾಗೆಯೇ 1:2:3 ಅನುಪಾತದಲ್ಲಿ ನಿಲ್ಲುತ್ತವೆ, ಏಳನೆಯದೂ ಬರುತ್ತದೆ. ನಾನು ಮೇಲೆ ಹೇಳಿದ ಪರೀಕ್ಷೆ ಇಲ್ಲಿ ಕಾಯಕೇಂದ್ರಿತ ಎಂದೇ ಉತ್ತರ ಕೊಡುತ್ತದೆ, ಆದರೆ ಉತ್ತರ ತಪ್ಪು. ನ್ಯೂಟ್ರಾನ್ ತರಿಸೋಣ ಎಂದರೆ ಅಲ್ಲೂ ಸೀಸಿಯಂ ಮತ್ತು ಅಯೋಡಿನ್‌ಗಳ ಚದುರಿಕೆಯ ಅಳತೆಗಳು 5.4 ಮತ್ತು 5.3 ಫೆಂಟೋಮೀಟರ್, ಹತ್ತಿರ ಹತ್ತಿರ ಒಂದೇ. ಕೊನೆಗೆ ಕೈಹಿಡಿಯುವುದು ರಾಸಾಯನಿಕ ಸಂಯೋಜನೆ. ಎರಡು ಬಗೆಯ ಅಯಾನು ಸಮಸಮ ಇವೆ, ಕೋಶದಲ್ಲಿ ಎರಡೇ ಜಾಗ ಇವೆ. ಧನ ಅಯಾನು ಮತ್ತು ಋಣ ಅಯಾನು ಒಂದೇ ಜಾಗವನ್ನು ಯದ್ವಾತದ್ವಾ ಹಂಚಿಕೊಳ್ಳುವುದಿಲ್ಲ. ಹಾಗಾಗಿ ಈ ಗೈರು ವ್ಯವಸ್ಥಿತವಲ್ಲ, ಆಕಸ್ಮಿಕ. 1913 ರಲ್ಲಿ ಪೊಟಾಸಿಯಂ ಕ್ಲೋರೈಡಿನಲ್ಲಿ ಲಾರೆನ್ಸ್ ಬ್ರ್ಯಾಗ್ ಎದುರಿಸಿದ್ದೂ ಇಂಥದೇ ಸಮಸ್ಯೆ. ಅಲ್ಲಿ ಎರಡೂ ಅಯಾನಿನಲ್ಲಿ 18 ಎಲೆಕ್ಟ್ರಾನ್. ಪಕ್ಕದಲ್ಲಿ ಸೋಡಿಯಂ ಕ್ಲೋರೈಡಿನ ಅಳತೆ ಇದ್ದದ್ದರಿಂದ ಅವರಿಗೆ ದಾರಿ ಸಿಕ್ಕಿತು.

ಆದ್ದರಿಂದ ವರದಿಯಲ್ಲಿ "ಗೈರು" ಎಂದು ಬರೆಯುವ ಮೊದಲು, ಎಷ್ಟು ಚಿಕ್ಕ ಪೀಕ್ ಇದ್ದರೆ ನಿಮಗೆ ಕಾಣುತ್ತಿತ್ತು ಎಂದು ಕೇಳಿಕೊಳ್ಳಿ. ಹಿನ್ನೆಲೆ 100 ಎಣಿಕೆ ಇದ್ದರೆ ಅದು ತನ್ನಷ್ಟಕ್ಕೆ 10 ರಷ್ಟು ಏರಿಳಿಯುತ್ತದೆ. ಅದರ ಮೇಲೆ 10 ಎಣಿಕೆಯ ಪೀಕ್ ಇದ್ದರೂ ಗೊತ್ತಾಗುವುದಿಲ್ಲ. ಆ ಕೋನದ ಸುತ್ತ ಮಾತ್ರ 25 ಪಟ್ಟು ಹೆಚ್ಚು ಹೊತ್ತು ಎಣಿಸಿ. ಹಿನ್ನೆಲೆ 2500, ಏರಿಳಿತ 50, ಪೀಕ್ 250. ಈಗ ಇದೆಯೋ ಇಲ್ಲವೋ ಹೇಳಬಹುದು. ಇಡೀ ಸ್ಕ್ಯಾನನ್ನು ನಿಧಾನ ಮಾಡುವ ಅಗತ್ಯವಿಲ್ಲ, ನಿರ್ಣಾಯಕವಾದ ಎರಡು ಡಿಗ್ರಿ ಸಾಕು.

ಹೀಗೆ ಬಹಳ ಹೊತ್ತು ಎಣಿಸಿದವರಿಗೆ ಇನ್ನೊಂದು ತೊಂದರೆ ಕಾದಿರುತ್ತದೆ. ಒಬ್ಬ ಹುಡುಗ ಟಂಗ್‌ಸ್ಟನ್ನಿನಲ್ಲಿ 28.2 ಡಿಗ್ರಿಯಲ್ಲಿ ಸಣ್ಣ ಪೀಕ್ ಸಿಕ್ಕಿತೆಂದು ಓಡಿಬಂದಿದ್ದ. ನಿಯಮ ಮುರಿಯಿತು, ಜಾಲಕ ಕಾಯಕೇಂದ್ರಿತವಲ್ಲ ಎಂದು ಅವನ ವಾದ. ಟ್ಯೂಬಿನ ಬಿಳಿ ವಿಕಿರಣದಲ್ಲಿ ಅರ್ಧ ತರಂಗಾಂತರದ ಕಿರಣವೂ ಸ್ವಲ್ಪ ಇರುತ್ತದೆ, ಗ್ರಾಫೈಟ್ ಮಾನೋಕ್ರೊಮೇಟರ್ ಅದನ್ನು ಒಳಗೆ ಬಿಡುತ್ತದೆ. ಆ ಕಿರಣಕ್ಕೆ 200 ಪೀಕ್ ಬೀಳುವುದು ಸರಿಯಾಗಿ 100 ರ ಜಾಗದಲ್ಲಿ. ಅವನನ್ನು 19.8 ಡಿಗ್ರಿಯಲ್ಲಿ ಅಷ್ಟೇ ಹೊತ್ತು ಎಣಿಸಲು ಕಳಿಸಿದೆ. ಅಲ್ಲಿ ಇನ್ನೂ ದೊಡ್ಡ ಪೀಕ್ ಇತ್ತು. ಅದು ಅರ್ಧ ತರಂಗಾಂತರದಿಂದ ಬಂದ 110. 3.165 ರ ಕೋಶದಲ್ಲಿ ಆ ಕೋನಕ್ಕೆ ಪೂರ್ಣಾಂಕ ಸೂಚ್ಯಂಕವೇ ಇಲ್ಲ. ಡಿಟೆಕ್ಟರಿನ ಶಕ್ತಿಯ ಕಿಂಡಿಯನ್ನು ಕಿರಿದು ಮಾಡಿ ಮತ್ತೆ ಎಣಿಸಿದಾಗ ಎರಡೂ ಪೀಕ್‌ಗಳು ಒಟ್ಟಿಗೇ ಇಳಿದವು.