ಲಾಂಛನ ಚಿಕ್ಕದಾದೊಡನೆ ಮಸುಕಾಗುವುದೇಕೆ?

ಪ್ರಶ್ನೆ: ನಮ್ಮ ಹಪ್ಪಳ-ಸಂಡಿಗೆ ಅಂಗಡಿಯ ಲಾಂಛನದಲ್ಲಿ ಮೊರ, ಅದರ ಮೇಲೆ ಹಪ್ಪಳಗಳು, ಸುತ್ತಲೂ ಬಾಗಿದ ಸಾಲಿನಲ್ಲಿ ಅಂಗಡಿಯ ಹೆಸರು ಇವೆ. ಚೀಲದ ಮೇಲೆ ಚೆನ್ನಾಗಿಯೇ ಕಾಣುವ ಇದು ಬ್ರೌಸರ್ ಟ್ಯಾಬಿನಲ್ಲಿ ಕಂದು ಚುಕ್ಕೆಯಂತಾಗುತ್ತದೆ. ಪ್ರೊಫೈಲ್ ಚಿತ್ರದಲ್ಲಿ ಹೆಸರಿನ ಎರಡು ತುದಿಗಳೂ ಕತ್ತರಿಸಿಹೋಗುತ್ತವೆ. ಏನು ಮಾಡಬೇಕು?

ಉತ್ತರ: ಟ್ಯಾಬಿನಲ್ಲಿ ಕಾಣುವ ಫೆವಿಕಾನ್‌ಗೆ ಸಾಮಾನ್ಯವಾಗಿ ಸಿಗುವ ಜಾಗ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ ಮಾತ್ರ. ನಿಮ್ಮ ಮೂಲ ಚಿತ್ರ 512 ಪಿಕ್ಸೆಲ್ ಅಗಲವಿದ್ದು, ಮೊರದ ಹೆಣಿಗೆಯ ಗೆರೆ 8 ಪಿಕ್ಸೆಲ್ ದಪ್ಪವಿದೆಯೆಂದುಕೊಳ್ಳಿ. 32 ಪಟ್ಟು ಕುಗ್ಗಿದಾಗ ಆ ಗೆರೆ ಕಾಲು ಪಿಕ್ಸೆಲ್ ಆಗುತ್ತದೆ. ಕಾಲು ಪಿಕ್ಸೆಲ್ಲನ್ನು ಪರದೆ ತೋರಿಸಲಾರದು. ಆ ಗೆರೆಯ ಬಣ್ಣವನ್ನು ಪಕ್ಕದ ಬಣ್ಣದೊಂದಿಗೆ ಬೆರೆಸಿ ಮಂಕಾದ ಒಂದು ಚೌಕವನ್ನಷ್ಟೇ ತೋರಿಸುತ್ತದೆ. ನೀವು ಕಂಡ ಕಂದು ಚುಕ್ಕೆ ಅದೇ. ಆದ್ದರಿಂದ ಲಾಂಛನವನ್ನು ಕುಗ್ಗಿಸುವ ಬದಲು, ಅದರಲ್ಲಿರುವ ಒಂದೇ ಒಂದು ಆಕಾರವನ್ನು ಆರಿಸಿಕೊಂಡು ಹೊಸದಾಗಿ ಬರೆಯಬೇಕು.

ಹೆಸರಿನ ಮೊದಲ ಅಕ್ಷರ ‘ಗ’ ಆಗಿದ್ದರೆ ಅದೃಷ್ಟವೇ ಸರಿ, ಏಕೆಂದರೆ ಅದರ ಕಮಾನಿನೊಳಗೆ ಧಾರಾಳವಾದ ತೆರವಿದೆ. ‘ಜ’ ಅಥವಾ ‘ಮ’ದಂತಹ ಅಕ್ಷರಗಳ ಸುರುಳಿಗಳು ಈ ಅಳತೆಯಲ್ಲಿ ಮುಚ್ಚಿಹೋಗುತ್ತವೆ, ಅಂಥ ಹೆಸರಿದ್ದರೆ ಅಕ್ಷರವನ್ನು ಬಿಟ್ಟು ಮೊರದ ಹೊರ ಆಕಾರವನ್ನಷ್ಟೇ ಉಳಿಸಿಕೊಳ್ಳುವುದು ಮೇಲು. ‘ಗ’ವನ್ನು 16 ಮನೆಗಳ ಚೌಕದಲ್ಲಿ ಹೀಗೆ ಹೂಡಬಹುದು: ಎಡಬಲಗಳಲ್ಲಿ ಒಂದೊಂದು ಮನೆ ಅಂಚಿಗೆ, ಕಮಾನಿನ ಎರಡು ಕಾಲುಗಳಿಗೆ ಮೂರು ಮೂರು, ನಡುವಿನ ತೆರವಿಗೆ ಎಂಟು. ಕಾಲಿನ ಅಂಚು ಮನೆಯ ಗೆರೆಯ ಮೇಲೆಯೇ ಕೂರಬೇಕು. ಅರ್ಧ ಮನೆ ಸರಿದರೂ ಎರಡೂ ಬದಿಗಳಲ್ಲಿ ಬೂದು ಅಂಚು ಮೂಡಿ ಅಕ್ಷರ ಕದಡಿದಂತೆ ಕಾಣುತ್ತದೆ. ಇದನ್ನು ಎಸ್‌ವಿಜಿ ಕಡತವಾಗಿ ಬರೆಯುವಾಗ ಚೌಕದ ಅಳತೆಯನ್ನು ಹೀಗೆ ಕೊಡಿ:

```
viewBox="0 0 16 16"
```

ಆಗ ಪೂರ್ಣಾಂಕದ ಮೇಲೆ ಕುಳಿತ ನೇರ ಅಂಚುಗಳು 32 ಮತ್ತು 48 ಪಿಕ್ಸೆಲ್‌ಗಳಲ್ಲಿಯೂ ಚೊಕ್ಕವಾಗಿರುತ್ತವೆ. ಹಿನ್ನೆಲೆಯನ್ನು ಪಾರದರ್ಶಕವಾಗಿ ಬಿಡಬೇಡಿ, ಕಪ್ಪು ಥೀಮಿನ ಟ್ಯಾಬಿನಲ್ಲಿ ಕಂದು ಅಕ್ಷರ ಕಾಣೆಯಾಗುತ್ತದೆ. ಕಂದು ನೆಲದ ಮೇಲೆ ಕೆನೆ ಬಣ್ಣದ ಅಕ್ಷರ ಎರಡು ಕಡೆಯೂ ನಿಲ್ಲುತ್ತದೆ.

ಪ್ರೊಫೈಲ್ ಚಿತ್ರಕ್ಕೆ ಇದೇ ಕಡತವನ್ನು ಬಳಸಿದರೆ ಅಕ್ಷರದ ಮೂಲೆಗಳು ವೃತ್ತಕ್ಕೆ ತಾಗುತ್ತವೆ. 400 ಪಿಕ್ಸೆಲ್ ಚೌಕದ ಚಿತ್ರವನ್ನು ವೃತ್ತವಾಗಿ ಕತ್ತರಿಸಿದಾಗ, ಅದರೊಳಗೆ ಪೂರ್ತಿಯಾಗಿ ಹಿಡಿಸುವ ಅತಿ ದೊಡ್ಡ ಚೌಕ ಸುಮಾರು 283 ಪಿಕ್ಸೆಲ್‌ನದು. ಅಕ್ಷರವನ್ನು 240ರ ಆಸುಪಾಸಿನಲ್ಲಿಟ್ಟರೆ ಸುತ್ತ ಉಸಿರಾಡಲು ಜಾಗವಿರುತ್ತದೆ ಎಂಬುದು ನನ್ನ ಅನುಭವ. ನೆಲದ ಬಣ್ಣ ಮಾತ್ರ ನಾಲ್ಕು ಮೂಲೆಗಳವರೆಗೂ ತುಂಬಿರಲಿ. ನೀವೇ ಒಂದು ಉಂಗುರ ಬರೆದರೆ, ಕತ್ತರಿ ಕೂದಲೆಳೆಯಷ್ಟು ಸರಿದರೂ ಅದು ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳುವಾಗಿ ಕಾಣುತ್ತದೆ. ತಲೆಕಟ್ಟು ಬಲಕ್ಕೆ ಚಾಚಿರುವುದರಿಂದ ಅಳತೆಯ ನಡುವೂ ಕಣ್ಣಿಗೆ ಕಾಣುವ ನಡುವೂ ಒಂದೇ ಆಗದಿರಬಹುದು. ಇಲ್ಲಿ ಕಣ್ಣನ್ನೇ ನಂಬಿ, ಅಕ್ಷರವನ್ನು ತುಸು ಎಡಕ್ಕೆ ಸರಿಸಿ ನೋಡಿ.

ಪರೀಕ್ಷಿಸುವಾಗ ಚಿತ್ರವನ್ನು ದೊಡ್ಡದು ಮಾಡಿ ನೋಡಬೇಡಿ. ಹತ್ತಾರು ಟ್ಯಾಬುಗಳನ್ನು ತೆರೆದು, ಹೆಸರುಗಳು ಮರೆಯಾಗಿ ಚಿತ್ರಗಳಷ್ಟೇ ಉಳಿದಾಗ, ನಿಮ್ಮದನ್ನು ಒಂದೇ ನೋಟಕ್ಕೆ ಗುರುತಿಸಬಲ್ಲಿರಾ ಎಂದು ಮನೆಯವರಲ್ಲೊಬ್ಬರನ್ನು ಕೇಳಿ. ಅವರು ತಡವರಿಸಿದರೆ ಇನ್ನೂ ಒಂದು ಗೆರೆಯನ್ನು ತೆಗೆಯಬಹುದೇ ಎಂದು ನೋಡಿ.