ಬಿಂದುವಿಗೆ ಬಾಗಿಲಿನಿಂದ ಹೋಗಿ

ನನ್ನ ಬಳಿ ಧ್ಯಾನ ಕಲಿಯಲು ಬಂದ ಒಬ್ಬರು ತಿಂಗಳುಗಟ್ಟಲೆ ಶ್ರೀಚಕ್ರದ ನಡುವಿನ ಬಿಂದುವನ್ನೇ ದಿಟ್ಟಿಸುತ್ತಿದ್ದರು. “ಸ್ವಲ್ಪ ಹೊತ್ತಿಗೆ ಸುತ್ತಲಿನ ಗೆರೆಗಳೆಲ್ಲ ಕರಗಿಹೋಗುತ್ತವೆ. ಕಣ್ಣು ಮುಚ್ಚಿದರೆ ಚಿತ್ರ ಬೇರೆ ಬಣ್ಣದಲ್ಲಿ ಹೊಳೆಯುತ್ತದೆ. ಮನಸ್ಸು ನಿಂತಿದೆ ಅಂತ ತಾನೇ ಅರ್ಥ?” ಎಂದು ಕೇಳಿದರು.

ಅಲ್ಲ, ಅದು ಕಣ್ಣಿನ ಗುಣ. ನೋಟ ಒಂದೇ ಕಡೆ ನಿಂತರೆ, ಅಂಚಿನಲ್ಲಿರುವ ಅಲುಗದ ಗೆರೆಗಳು ಮಾಯವಾಗುತ್ತವೆ. ಟ್ರಾಕ್ಸ್ಲರ್ ಎಂಬ ವೈದ್ಯರು 1804ರಲ್ಲೇ ಇದನ್ನು ಬರೆದಿಟ್ಟರು. ಗೋಡೆಯ ಮೇಲೆ ಚುಕ್ಕೆ ಇಟ್ಟು ನೋಡಿದರೂ ಹೀಗೇ ಆಗುತ್ತದೆ. ಅದಕ್ಕೆ ಶ್ರೀಚಕ್ರದಂಥ ಯಂತ್ರ ಬೇಕಿಲ್ಲ.

ಹಾಗಾದರೆ ಇಷ್ಟೊಂದು ಗೆರೆಗಳು ಯಾಕೆ? ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಂದು ಗಳಿಗೆಗೆ ಕಣ್ಣಿಗೆ ತೀರಾ ಸ್ಪಷ್ಟವಾಗಿ ಕಾಣುವುದು ಸುಮಾರು ಆ ಉಗುರಿನಷ್ಟು ಜಾಗ ಮಾತ್ರ. ಇಡೀ ಶ್ರೀಚಕ್ರ ಒಮ್ಮೆಗೇ ಹಿಡಿತಕ್ಕೆ ಸಿಗುವುದಿಲ್ಲ, ನೋಟ ನಡೆಯಲೇಬೇಕು. ನಡೆಯುವ ದಾರಿಯನ್ನೇ ಗೆರೆಗಳು ಹಾಕಿಕೊಟ್ಟಿವೆ. ಹೊರಗೆ ಭೂಪುರ ಎಂಬ ನಾಲ್ಕು ಬಾಗಿಲಿನ ಚೌಕ. ಒಳಗೆ 16 ದಳ, ಆಮೇಲೆ 8 ದಳ. ಮೇಲ್ಮುಖದ 4 ಮತ್ತು ಕೆಳಮುಖದ 5 ದೊಡ್ಡ ತ್ರಿಕೋನಗಳು ಒಂದರ ಮೇಲೊಂದು ಹಾಯ್ದು 43 ಚಿಕ್ಕ ತ್ರಿಕೋನಗಳಾಗುತ್ತವೆ. ಹೊರಗಿನಿಂದ ಸುತ್ತು ಸುತ್ತಾಗಿ ಎಣಿಸಿದರೆ 14, 10, ಮತ್ತೆ 10, 8, ಕೊನೆಗೆ 1. ಅದರೊಳಗೆ ಬಿಂದು. ಹೀಗೆ ಹೊರಗಿನಿಂದ ಒಳಗೆ ಹೋಗುವುದಕ್ಕೆ ಸಂಹಾರ ಕ್ರಮ ಎನ್ನುತ್ತಾರೆ. ಒಂದೊಂದು ಸುತ್ತಿಗೂ ಗಮನ ಓಡಾಡುವ ಜಾಗ ಕಿರಿದಾಗುತ್ತದೆ. ಚದುರಿದ ಮನಸ್ಸನ್ನು ಏಕಾಏಕಿ ಚುಕ್ಕೆಗೆ ಕಟ್ಟಿಹಾಕಲು ಆಗಲ್ಲ, ಮೆಟ್ಟಿಲು ಬೇಕು. ಟಿಬೆಟಿನ ಮಂಡಲಗಳಲ್ಲೂ ಇದೇ ದಾರಿ: ಅವು ಮೇಲಿನಿಂದ ನೋಡಿದ ಅರಮನೆಯ ನಕ್ಷೆ, ಸಾಧಕ ಆ ಅರಮನೆಯನ್ನು ಮನಸ್ಸಿನಲ್ಲೇ ಕಟ್ಟುತ್ತಾನೆ.

ಚಿತ್ರ ಸರಿಯಾಗಿರುವುದೂ ಮುಖ್ಯ. ಮೂರು ಗೆರೆಗಳು ಒಂದೇ ಚುಕ್ಕೆಯಲ್ಲಿ ಸೇರಬೇಕಾದ ಜಾಗಗಳಿಗೆ ಮರ್ಮ ಎನ್ನುತ್ತಾರೆ. ಕಳಪೆ ಅಚ್ಚಿನಲ್ಲಿ ಅವು ಸೇರದೆ ನಡುವೆ ಪುಟ್ಟ ತ್ರಿಕೋನ ಉಳಿಯುತ್ತದೆ. ಕಣ್ಣು ಪ್ರತಿಸಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೊಳ್ಳುವ ಮುಂಚೆ ಇದನ್ನು ನೋಡಿಕೊಳ್ಳಿ.

ಅವರಿಗೆ ನಾನು ಹೇಳಿದ್ದು ಇಷ್ಟು. ಯಂತ್ರ ಕಣ್ಣಿನ ಮಟ್ಟದಲ್ಲಿ, ತೋಳಿನಷ್ಟು ದೂರದಲ್ಲಿರಲಿ. ಒಂದೊಂದು ಸುತ್ತಿಗೂ ಒಂದು ನಿಮಿಷದಂತೆ ಒಳಗೆ ಹೋಗಿ, ರೆಪ್ಪೆ ಬಡಿಯುವುದನ್ನು ತಡೆಯಬೇಡಿ. ಬಿಂದು ತಲುಪಿದ ಮೇಲೆ ಕಣ್ಣು ಮುಚ್ಚಿ. ಹೊಳೆಯುವ ಚಿತ್ರ ಆರಿದ ಮೇಲೆ, ಕಣ್ಣು ಮುಚ್ಚಿಕೊಂಡೇ ಬಿಂದುವಿನಿಂದ ಹೊರಗೆ ಒಂದೊಂದೇ ಸುತ್ತು ಕಟ್ಟಿ. ಹೊಳೆಯುವ ಚಿತ್ರ ಕಣ್ಣು ತಿರುಗಿದತ್ತ ತಿರುಗಿ, ಬೇಗ ಆರಿಹೋಗುತ್ತದೆ. ಮನಸ್ಸು ಕಟ್ಟಿದ ಚಿತ್ರದಲ್ಲಿ ಮಾತ್ರ ನಿಮಗೆ ಬೇಕಾದ ಸುತ್ತಿಗೆ ಹೋಗಿ ನಿಲ್ಲಬಹುದು. ಮೈಗ್ರೇನ್ ಅಥವಾ ಮೂರ್ಛೆರೋಗ ಇರುವವರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ. ದಟ್ಟ ಗೆರೆಗಳ ವಿನ್ಯಾಸ ಕೆಲವರಲ್ಲಿ ತೊಂದರೆ ಕೆರಳಿಸಬಹುದು.

ಮೊದಲ ವಾರ ಅವರು 8ರಿಂದ ನೇರ 14ಕ್ಕೆ ಹಾರಿದರು. ಹತ್ತರ ಎರಡೂ ಸುತ್ತುಗಳು ನೆನಪಿನಲ್ಲೇ ಇರಲಿಲ್ಲ. ಇಷ್ಟು ದಿನವೂ ಗಮನ ಜಾರುತ್ತಿದ್ದದ್ದು ಅಲ್ಲೇ ಎಂದು ಅವರೇ ಕಂಡುಕೊಂಡರು. ಈಗ ಆ ಎರಡು ಸುತ್ತುಗಳಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತಾರೆ.