ಕೋಡ್ ಒಂದೇ, ಬಣ್ಣ ಎರಡು

ಲೋಹಕ್ಕೆ ಬಣ್ಣದ ಪುಡಿ ಹೊಡೆದು ಒವನಿನಲ್ಲಿ ಬೇಯಿಸುವ, ಬೆಳಗಾವಿ ಉದ್ಯಮಬಾಗದ ಒಬ್ಬ ಪೌಡರ್ ಕೋಟಿಂಗ್ ಮಾಲೀಕರಿಗೆ ಮೊನ್ನೆ ನಾನು ತಿರಸ್ಕಾರ ಪತ್ರ ಬರೆಯಬೇಕಾಯಿತು. ನಲವತ್ತು ವಿದ್ಯುತ್ ಕ್ಯಾಬಿನೆಟ್‌ಗಳ ಬಾಗಿಲು ಒಂದು ವಾರ ಬಂದಿದ್ದವು, ಎಂಬತ್ತು ಪಕ್ಕದ ತಗಡುಗಳು ಮುಂದಿನ ವಾರ ಬಂದವು. ಜೋಡಿಸಿ ಅಂಗಳದ ಬಿಸಿಲಿಗೆ ಇಟ್ಟಾಗ ಬಾಗಿಲು ತುಸು ನೀಲಿಯಾಗಿ, ಪಕ್ಕದ ತಗಡು ಮಜ್ಜಿಗೆಯ ಹಳದಿಯಾಗಿ ಕಂಡಿತು. ಪತ್ರ ತಲುಪಿದ ಅರ್ಧ ಗಂಟೆಗೆ ಫೋನ್ ಬಂತು: “ಸಾಹೇಬರೇ, ರಾಲ್ 7035 ಎಂದಿರಿ, ಅದನ್ನೇ ಹೊಡೆದಿದ್ದೇವೆ. ಪೆಟ್ಟಿಗೆ ನೋಡಿ. ಮೀಟರ್‌ನಲ್ಲೂ ಪಾಸಾಗಿದೆ.”

ಹದಿನೈದು ವರ್ಷದಿಂದ ಇದೇ ಮಾತನ್ನು ಕೇಳುತ್ತಿದ್ದೇನೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ರಾಲ್ 7035 ಎಂಬುದು ತಿಳಿ ಬೂದು ಬಣ್ಣದ ಕೋಡ್; ಪೆಟ್ಟಿಗೆಯ ಮೇಲೆ ಅದು ಸರಿಯಿತ್ತು, ಬಣ್ಣ ಅಳೆಯುವ ಮೀಟರಿನಲ್ಲಿ ಎರಡೂ ಪಾಸಾಗಿದ್ದವು. ಆದರೂ ಒಟ್ಟಿಗೆ ಜೋಡಿಸಲು ಬರುವಂತಿರಲಿಲ್ಲ. ಈ ಒಂದು ವಿಷಯವನ್ನು ನಿಧಾನವಾಗಿ ಹೇಳುತ್ತೇನೆ.

ನಾವು ಒಪ್ಪಿದ ಮಾದರಿ ತಗಡಿಗೂ ಬಂದ ಮಾಲಿಗೂ ಇರುವ ಬಣ್ಣದ ಅಂತರ, ಅಂದರೆ ಡೆಲ್ಟಾ ಇ, 1.0 ಮೀರಬಾರದು ಎಂದು ನಮ್ಮ ಆರ್ಡರಿನಲ್ಲಿದೆ. ಬಾಗಿಲು ಮಾದರಿಗಿಂತ 0.5 ತಿಳಿಯಾಗಿತ್ತು, 0.6ರಷ್ಟು ನೀಲಿಯ ಕಡೆಗಿತ್ತು. ಕೆಂಪು-ಹಸಿರಿನ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 0.78, ಪಾಸು. ಪಕ್ಕದ ತಗಡು 0.4 ಗಾಢ, 0.7ರಷ್ಟು ಹಳದಿಯ ಕಡೆ, ಅದು 0.81, ಅದೂ ಪಾಸು. ಆದರೆ ಒಂದು ಮಾದರಿಯ ಈ ಬದಿಗೆ ಸರಿದಿದೆ, ಇನ್ನೊಂದು ಆ ಬದಿಗೆ. ಬಾಗಿಲಿಗೂ ಪಕ್ಕದ ತಗಡಿಗೂ ನಡುವೆ ತಿಳಿ-ಗಾಢದಲ್ಲಿ 0.9, ಹಳದಿ-ನೀಲಿಯಲ್ಲಿ 1.3 ಅಂತರ ಬಿತ್ತು. ಲೆಕ್ಕ 1.58. ಗ್ರಾಹಕನ ಕಣ್ಣಿಗೆ ಮಾದರಿ ತಗಡು ಕಾಣುವುದಿಲ್ಲ. ಅಕ್ಕಪಕ್ಕ ನಿಂತ ಈ ಎರಡೇ ಕಾಣುತ್ತವೆ.

ನನ್ನ ತಂದೆ ವಡಗಾವಿಯಲ್ಲಿ ಮಗ್ಗ ನಡೆಸುತ್ತಿದ್ದರು. ಒಂದು ಸೀರೆಯ ಒಡಲಿಗೆ ಎರಡು ಸಲ ಬಣ್ಣ ಹಾಕಿದ ನೂಲನ್ನು ಅವರು ಎಂದೂ ಬೆರೆಸಲಿಲ್ಲ. ನೂಲಿನ ಹೆಸರು ಒಂದೇ ಇರಲಿ, ಅಂಗಡಿ ಒಂದೇ ಇರಲಿ, ಹಂಡೆ ಬೇರೆಯಾದರೆ ಸೀರೆಯೂ ಬೇರೆ ಎನ್ನುತ್ತಿದ್ದರು. ಫೋನಿನಲ್ಲಿ ಮಾಲೀಕರಿಗೆ ಇದನ್ನು ಹೇಳಿದಾಗ ಅವರು ಮೊದಲ ಸಲ ವಾದ ನಿಲ್ಲಿಸಿದರು. ಅವರ ಮಾವನ ಮನೆಯೂ ನೇಕಾರರದೇ.

ತಪ್ಪು ಪೌಡರಿನದೋ ಒವನಿನದೋ ಎಂದು ಊಹಿಸುವ ಅಗತ್ಯವಿಲ್ಲ. ಬಾಗಿಲಿಗೂ ಪಕ್ಕದ ತಗಡಿಗೂ ಬಳಸಿದ ಎರಡೂ ಲಾಟ್‌ನ ಪೌಡರನ್ನು ಎರಡು ಸಣ್ಣ ತಗಡಿಗೆ ಹೊಡೆದು, ಒಂದೇ ಕೊಕ್ಕೆಗೆ ತೂಗುಹಾಕಿ, ಒಟ್ಟಿಗೆ ಬೇಯಿಸಿ ಅಳೆಯಿರಿ. ವ್ಯತ್ಯಾಸ ಹಾಗೆಯೇ ಉಳಿದರೆ ಪೌಡರ್ ಕಾರಣ, ಮಾಯವಾದರೆ ಒವನ್. ಮರುದಿನ ನಾನೇ ಅವರಲ್ಲಿಗೆ ಹೋಗಿ ಮಾಡಿಸಿದೆ. ಅಂತರ 0.4 ಮಾತ್ರ ಉಳಿಯಿತು. ಪದರದ ದಪ್ಪ ಎರಡರಲ್ಲೂ 70 ಮೈಕ್ರಾನ್ ಆಸುಪಾಸಿನಲ್ಲಿತ್ತು. ತೆಳು ಪದರದಿಂದ ಕೆಳಗಿನ ಲೋಹ ಇಣುಕುತ್ತಿತ್ತು ಎನ್ನುವಂತಿಲ್ಲ. ಉಳಿದದ್ದು ಒವನ್.

ಪಕ್ಕದ ತಗಡು 1.2 ಮಿಲಿಮೀಟರ್, ಬಾಗಿಲು 2 ಮಿಲಿಮೀಟರ್. ಒವನಿನ ಮುಳ್ಳು ತೋರಿಸುವುದು ಗಾಳಿಯ ಶಾಖವನ್ನು. ಪೌಡರಿಗೆ ಬೇಕಾದದ್ದು ಲೋಹದ ಶಾಖ. ಈ ಪೌಡರಿನ ಹಾಳೆಯಲ್ಲಿರುವುದು ಲೋಹವು 200 ಡಿಗ್ರಿಯಲ್ಲಿ 10 ನಿಮಿಷ ಇರಬೇಕೆಂದು. ತೆಳು ತಗಡು ಬೇಗ ಆ ಶಾಖ ಮುಟ್ಟಿ, ಉಳಿದ ಹೊತ್ತೆಲ್ಲ ಹೆಚ್ಚುವರಿಯಾಗಿ ಬೇಯುತ್ತದೆ. ಅದರ ಮೇಲೆ, ಆ ದಿನ ಊಟದ ವೇಳೆಗೆ ಕನ್ವೇಯರ್ ನಿಂತಿತ್ತು, ಮಾಲು ಒಳಗೇ ಇತ್ತು ಎಂದು ಹುಡುಗನೊಬ್ಬ ತಾನಾಗಿ ಹೇಳಿದ. ಅವನ ಪ್ರಾಮಾಣಿಕತೆಗೆ ನಾನು ಋಣಿ. ತಿಳಿ ಬೂದು ಹೆಚ್ಚು ಬೆಂದರೆ ಹಳದಿಗೆ ತಿರುಗುತ್ತದೆ. ಎಲ್ಲ ಪೌಡರೂ ಒಂದೇ ಪ್ರಮಾಣದಲ್ಲಿ ತಿರುಗುವುದಿಲ್ಲ. ಹಾಗಾಗಿ ನನ್ನ ಅಂಕಿಗಳನ್ನು ನಿಮ್ಮ ಮಾಲಿಗೆ ಹಚ್ಚಬೇಡಿ, ಪರೀಕ್ಷೆಯನ್ನು ಮಾತ್ರ ಹಚ್ಚಿ.

ಆಗ ಮಾಲೀಕರು ಕೇಳಿದರು: “ಹಾಗಾದರೆ ಬಾಗಿಲುಗಳನ್ನೂ ಇನ್ನೊಮ್ಮೆ ಬೇಯಿಸಿ ಹಳದಿ ಮಾಡಿಬಿಡೋಣವೇ? ಎಂಬತ್ತಕ್ಕಿಂತ ನಲವತ್ತು ಅಗ್ಗ.” ನಾನು ಒಪ್ಪಲಿಲ್ಲ. ಹೀಗೆ ಬೇಯಿಸಿದಾಗ ಯಾವ ಬಾಗಿಲು ಎಷ್ಟು ತಿರುಗುತ್ತದೆಂದು ಯಾರೂ ಹೇಳಲಾರರು, ಹೊಳಪು ಬದಲಾಗಬಹುದು, ಪದರ ಬಿರುಸಾಗಿ ಬಾಗಿದಲ್ಲಿ ಬಿರುಕು ಬಿಡಬಹುದು. ಒಂದು ತಪ್ಪಿದ ಮಾಲಿಗೆ ಸರಿಯಿದ್ದ ಮಾಲನ್ನು ಹೊಂದಿಸುವುದು ನನ್ನಿಂದ ಆಗದು.

ಮೊದಲು ಕಳುಹಿಸಿದ್ದ ಪತ್ರಕ್ಕೆ ಆಮೇಲೆ ಈ ಸಾಲುಗಳನ್ನು ಸೇರಿಸಿದೆ: “ಪಕ್ಕದ ತಗಡುಗಳನ್ನು ಹಗುರಾಗಿ ಉಜ್ಜಿ, ಬಾಗಿಲಿನ ಲಾಟ್‌ನ ಪೌಡರಿನಿಂದಲೇ ಮರುಲೇಪಿಸಬೇಕು; ಅವುಗಳ ಜೊತೆ ಒಂದು ಸಣ್ಣ ತಗಡು ತೂಗುಹಾಕಿ ಮೊದಲು ನಮಗೆ ಕಳುಹಿಸಬೇಕು. ಮುಂದಿನ ಆರ್ಡರಿನಿಂದ ಒಂದು ಕ್ಯಾಬಿನೆಟ್‌ನ ಎಲ್ಲ ಭಾಗಗಳೂ ಒಂದೇ ಲಾಟ್‌ನವಾಗಿರಬೇಕು. ಭಾಗ-ಭಾಗದ ಅಂತರ 0.8 ಮೀರಬಾರದು.” ಎರಡನೇ ಪದರದಿಂದ ದಪ್ಪ ಹೆಚ್ಚುವುದರಿಂದ ಅಂಟುವಿಕೆಯನ್ನೂ ನೋಡುತ್ತೇನೆಂದು ತಿಳಿಸಿದೆ. ಸಣ್ಣ ತಗಡು ಗುರುವಾರ ಬಂತು. ಬಾಗಿಲಿನ ಪಕ್ಕ ಇಟ್ಟು ಅಳೆದಾಗ 0.5.